ಕೀ ಒಪ್ಪಿಸುವ ಸಂಜೆ

"ಸುಮ್ಮನೆ 'ಥ್ಯಾಂಕ್ಸ್ ಮೇಡಂ' ಅಂದ್ರೆ ಆಗ್ಲಿಕ್ಕಿಲ್ಲ. ಯಾವುದಕ್ಕೆ ಅಂತ ಹೇಳ್ಬೇಕು. ಹೇಳಿದ್ರೆ ಮಾತ್ರ ಕೀ ತಗೊಳ್ತೇನೆ!" ಎಂದು ವಾರ್ಡನ್ ಸ್ವರ್ಣಲತಾ ಮೈಕಿನಲ್ಲಿ ಹೇಳಿದ್ದೇ ತಡ, ಮೆಸ್ ಹಾಲ್ ತುಂಬ ನಗು. ಮೂಡುಬಿದಿರೆಯ ಆ ಹುಡುಗಿಯರ ಹಾಸ್ಟೆಲಿನಲ್ಲಿ ಬೀಳ್ಕೊಡುಗೆಯ ಕ್ರಮವೇ ಅದು. ಜೂನಿಯರ್‌ಗಳ ಡ್ಯಾನ್ಸ್, ಅಡುಗೆಯವರಿಗೆ ಚಪ್ಪಾಳೆ, ಮೇಡಂಗೆ ಶಾಲು, ಹಣ್ಣಿನ ತಟ್ಟೆ ಎಲ್ಲ ಮುಗಿದ ಮೇಲೆ ಕೊನೆಯ ವರ್ಷದವರು ಸಾಲಾಗಿ ಬಂದು ತಮ್ಮ ಕಪಾಟಿನ ಕೀಯನ್ನು ಸ್ಟೀಲ್ ತಟ್ಟೆಗೆ ಹಾಕಿ, ಒಂದು ಮಾತು ಹೇಳಿ ಇಳಿಯಬೇಕು. ಮೊದಲೆಲ್ಲ ಅರ್ಧಕ್ಕರ್ಧ ಹುಡುಗಿಯರು ಕೀಯನ್ನು ಬ್ಯಾಗಿನಲ್ಲೇ ಊರಿಗೆ ಒಯ್ಯುತ್ತಿದ್ದರು. ಅದಕ್ಕೆ ಮೇಡಂ ಹುಡುಕಿದ ಮದ್ದು ಇದು.

ಪ್ರಾಪ್ತಿಗೆ ಇಲ್ಲಿ ಕಪಾಟು ಇಲ್ಲ. ಅವಳೂ ಅದೇ ಕಾಲೇಜಿನ ಕೊನೆಯ ವರ್ಷದವಳೇ, ಆದರೆ ವಾರ್ಡನ್ ಮಗಳು. ಹಾಸ್ಟೆಲಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಅವಳ ವಾಸ. ಅಪ್ಪ ಕುವೈತಿನಲ್ಲಿ. ಎಂಟನೇ ಕ್ಲಾಸಿನಲ್ಲಿ ಅಮ್ಮ ಮನೆಯ ಕೀಯನ್ನು ಅವಳ ಕೈಗಿಟ್ಟು, "ಬಂದವಳು ನೀನೇ ತೆಗೆದು ಒಳಗೆ ಹೋಗು, ನನಗೆ ಹಾಜರಿ ತೆಗೀಲಿಕ್ಕುಂಟು" ಎಂದಿದ್ದಳು. ಅಂದಿನಿಂದ ಅವಳೇ ತೆಗೆಯುತ್ತಿದ್ದಾಳೆ. ಹಾಸ್ಟೆಲಿನ ಗೇಟು ದಾಟಿದರೆ ಅಮ್ಮನನ್ನು ಮೇಡಂ ಎನ್ನಬೇಕು. ಅಮ್ಮನೂ ಅವಳನ್ನು ಪ್ರಾಪ್ತಿ ಎನ್ನುತ್ತಾಳೆ. ಉಳಿದ ಹುಡುಗಿಯರೆಲ್ಲ ಅಮ್ಮನ ಬಾಯಲ್ಲಿ "ಮಗಾ."

ಕೊಕ್ಕಡದ ಸುರಕ್ಷಾ ಮೈಕು ಹಿಡಿದಳು. "ಫಸ್ಟ್ ಇಯರಲ್ಲಿ ಅಜ್ಜಿ ತೀರಿಹೋದ್ರು ಅಂತ ಸುಳ್ಳು ಹೇಳಿ ಔಟ್‌ಪಾಸ್ ಕೇಳಿದ್ದೆ. ಮೇಡಂ ಮನೆಗೆ ಫೋನ್ ಮಾಡಿದ್ರು. ಫೋನ್ ಎತ್ತಿದ್ದು ಅಜ್ಜಿಯೇ!" ಹಾಲ್ ಬಿರಿಯುವಷ್ಟು ನಗು. "ಮೇಡಂ ಅಪ್ಪನಿಗೆ ಹೇಳ್ಲಿಲ್ಲ. ಪ್ರತಿ ಭಾನುವಾರ ಅಜ್ಜಿಗೆ ಫೋನ್ ಮಾಡ್ಬೇಕು ಅಂತ ಶಿಕ್ಷೆ ಕೊಟ್ರು. ಥ್ಯಾಂಕ್ಸ್ ಮೇಡಂ, ಅದಕ್ಕೆ."

"ಅಜ್ಜಿ ಈಗ ಹೇಗಿದ್ದಾರೆ ಮಗಾ?"

"ಗಟ್ಟಿ ಇದ್ದಾರೆ ಮೇಡಂ. ನನ್ನನ್ನು ಮೊದಲು ಕಳಿಸಿಯೇ ಅವರು ಹೋಗೋದು ಅಂತ ಕಾಣ್ತದೆ."

ಸ್ವರ್ಣಲತಾ ಕೀಗೆ ಕಟ್ಟಿದ ನಂಬರಿನ ಬಿಲ್ಲೆ ನೋಡಿ, "ಕಪಾಟಿನ ಒಳಗೆ ಸ್ಟಿಕ್ಕರ್ ಎಲ್ಲ ಕಿತ್ತಿದ್ದೀಯಲ್ಲ?" ಎಂದು ಕೇಳಿಯೇ ಅವಳನ್ನು ಬಿಟ್ಟರು. ಸುರಕ್ಷಾ ಕಣ್ಣೊರೆಸುತ್ತ ಬಂದು ಪ್ರಾಪ್ತಿಯ ಪಕ್ಕ ಕೂತಳು. "ನೀನು ಲಕ್ಕಿ ಮಾರಾಯ್ತಿ. ನಮಗೆ ಮೂರೇ ವರ್ಷ, ನಿನಗೆ ಯಾವಾಗಲೂ."

"ಹೌದೌದು," ಎಂದಳು ಪ್ರಾಪ್ತಿ. "ಅಮ್ಮ ನಿನ್ನ ಅಜ್ಜಿಯನ್ನು ವಿಚಾರಿಸಿದಷ್ಟು ಸಲ ನನ್ನ ಅಜ್ಜಿಯನ್ನು ವಿಚಾರಿಸಿದ್ರೆ ಸಾಕಿತ್ತು."

ಆಮೇಲೆ ವಾಮದಪದವಿನ ಶಮ್ನಾ. ಅವಳು ಮಾತು ಶುರು ಮಾಡುವ ಮೊದಲೇ ಅಳು. "ಸೆಕೆಂಡ್ ಇಯರಲ್ಲಿ ನನಗೆ ಡೆಂಗಿ ಆಗಿತ್ತು. ಉಪ್ಪ ಸೌದಿಯಲ್ಲಿ. ಉಮ್ಮನಿಗೆ ಆಗ ಕಾಲು ಮುರಿದಿತ್ತು, ಬರ್ಲಿಕ್ಕೆ ಆಗ್ಲಿಲ್ಲ. ಮೇಡಂ ಆಸ್ಪತ್ರೆಯ ಸ್ಟೂಲಲ್ಲಿ ಕೂತು ಗಂಜಿ ತಿನ್ನಿಸಿದ್ರು. ನನಗೆ ಬೇಡ ಅಂದ್ರೆ, ನಾನು ಒಂದು ಚಮಚ, ನೀನು ಒಂದು ಚಮಚ ಅಂತ. ಥ್ಯಾಂಕ್ಸ್ ಮೇಡಂ, ಆ ಗಂಜಿಗೆ."

ಪ್ರಾಪ್ತಿಗೆ ಆ ದಿನ ಚೆನ್ನಾಗಿ ಗೊತ್ತು. ಬೆಳ್ತಂಗಡಿಯಲ್ಲಿ ಅವಳ ಥ್ರೋಬಾಲ್ ಫೈನಲ್. ಅಮ್ಮ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಪ್ರತಿ ಸರ್ವಿಸಿಗೂ ಮುನ್ನ ಪ್ರಾಪ್ತಿ ಮೈದಾನದ ಗೇಟು ನೋಡಿದ್ದಳು. ಗೆದ್ದ ಕಪ್ ಹಿಡಿದು ಬಂದು, ತನ್ನ ಕೀಯಿಂದ ತಾನೇ ಬಾಗಿಲು ತೆಗೆದು, ಬೆಳಗಿನ ತಣ್ಣಗಿನ ಇಡ್ಲಿ ತಿಂದಿದ್ದಳು. ಯಾರಿಗೋ ಜ್ವರ ಅಂತ ಮಾತ್ರ ಅಮ್ಮ ಹೇಳಿದ್ದಳು. ಒಂದು ಚಮಚ, ಒಂದು ಚಮಚದ ಸುದ್ದಿ ಇವತ್ತೇ ಕೇಳಿದ್ದು.

ವೇದಿಕೆಯ ಮೇಲೆ ಶಮ್ನಾ ಪ್ರಾಪ್ತಿಯ ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡಿದ್ದಳು. ಹೊಸ ಶಾಲಿನ ಜರಿ ಅವಳ ಕೆನ್ನೆಗೆ ಅಚ್ಚು ಹಾಕುತ್ತಿತ್ತು. ಆ ಹೆಗಲು ಎಷ್ಟು ಮೆತ್ತಗೆಂದು ನೆನಪು ಮಾಡಿಕೊಳ್ಳಲು ಪ್ರಾಪ್ತಿ ನೋಡಿದಳು. ನೆನಪಾಗಲಿಲ್ಲ. ಅವಳು ಎದ್ದಳು. "ಏ, ಎಲ್ಲಿಗೆ?" ಎಂದ ಸುರಕ್ಷಾಳಿಗೆ, "ನಾನೂ ನಾಡಿದ್ದು ಎಂಎಸ್ಸಿಗೆ ಮೈಸೂರಿಗೆ ಹೋಗ್ತೇನಲ್ಲ, ನನ್ನ ಕೀ ಯಾರಿಗೆ ಕೊಡೋದು?" ಎಂದು ಸಾಲಿನ ಕೊನೆಗೆ ಹೋಗಿ ನಿಂತಳು.

ಅವಳ ಸರದಿ ಬರುವಷ್ಟರಲ್ಲಿ ತಟ್ಟೆ ತುಂಬಿತ್ತು. ಸ್ವರ್ಣಲತಾ ತಲೆ ತಗ್ಗಿಸಿ ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು. ಬಿಲ್ಲೆಯಿಲ್ಲದ, ಸವೆದು ಹೊಳಪಾದ ಕೀ ಟಣ್ಣೆಂದು ತಟ್ಟೆಗೆ ಬಿತ್ತು.

"ಹೇಳು ಮಗಾ, ಯಾವುದಕ್ಕೆ?"

ಆ 'ಮಗಾ' ತನಗಲ್ಲ ಎಂದು ಪ್ರಾಪ್ತಿಗೆ ಗೊತ್ತಿತ್ತು. ಸ್ವರ್ಣಲತಾ ಕನ್ನಡಕ ಹಾಕಿಕೊಂಡರು. ಮೊದಲು ಕೀ ನೋಡಿದರು, ಆಮೇಲೆ ಮಗಳನ್ನು. ಹುಡುಗಿಯರು ಇದೂ ಒಂದು ತಮಾಷೆ ಎಂದುಕೊಂಡು "ಹೇಳು! ಹೇಳು!" ಎಂದು ಬೆಂಚು ಬಡಿದರು.

ಪ್ರಾಪ್ತಿ ಚುಚ್ಚುವ ಮಾತೊಂದನ್ನು ಸಾಲಿನಲ್ಲಿ ನಿಂತೇ ಹೊಸೆದಿದ್ದಳು. ಮೈಕು ಬಾಯಿಗೆ ಹಿಡಿದಾಗ ಅದು ಬರಲಿಲ್ಲ. ಬೇರೆಯದನ್ನು ಹುಡುಕಿದಳು. ಕೈಗೆ ಸಿಕ್ಕಿದ್ದು ಗಂಜಿ, ಔಟ್‌ಪಾಸ್, ಅಜ್ಜಿ. ಎಲ್ಲ ಬೇರೆಯವರದ್ದು. ಬೆಂಚಿನ ಸದ್ದು ತಾನಾಗಿ ನಿಂತಿತು. ಅಮ್ಮನ ಮುಖದಲ್ಲಿ ಮೇಡಂ ಇರಲಿಲ್ಲ. ರಿಸಲ್ಟು ಕಾಯುವ ಹುಡುಗಿಯಂತೆ ಅವಳು ಮಗಳ ಬಾಯನ್ನೇ ನೋಡುತ್ತಿದ್ದಳು.

ಕೊನೆಗೆ ಅವಳೇ ತಟ್ಟೆಯಿಂದ ಆ ಕೀಯನ್ನು ಹೆಕ್ಕಿ ಮಗಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ನೆನಪಾಗುವವರೆಗೆ ನಿನ್ನತ್ರವೇ ಇರಲಿ," ಎಂದಳು ಮೆಲ್ಲಗೆ. ಆಮೇಲೆ ಮೈಕಿನಲ್ಲಿ, ಸ್ವಲ್ಪ ಜೋರಾಗಿಯೇ, "ಹಾಂ, ಮುಂದಿನವರು ಬನ್ನಿ" ಎಂದಳು.

ಪ್ರಾಪ್ತಿಯ ಹಿಂದೆ ಯಾರೂ ಇರಲಿಲ್ಲ.