ಹನ್ನೊಂದು ಹೆಸರು ಬಿಟ್ಟುಹೋದ ಲೆಕ್ಕ

ಆಸ್ಪತ್ರೆಯ ಖಾತೆಗೆ ನೇರವಾಗಿ ಮೂರು ಲಕ್ಷ. ಔಷಧಿಗೆ 61,420. ಪರೀಕ್ಷೆಗಳಿಗೆ 18,930. ಉಳಿದ 32,000 ಮುಂದಿನ ತಪಾಸಣೆಗಳಿಗೆ. ಬಂದದ್ದು ಒಟ್ಟು 4,12,350; ಕೊಟ್ಟವರು 186 ಜನ.

ಚಂದ್ರಾವತಿ ಇಷ್ಟನ್ನು, ಮಗುವೊಂದರ ಚಿಕಿತ್ಸೆಗೆ ತಾನು ಹಾಕಿದ್ದ ಮನವಿಯ ಪೋಸ್ಟಿನ ಕೆಳಗೆ ಕಾಮೆಂಟಾಗಿ ಬರೆದು, ಎಲ್ಲರಿಗೂ ಕೃತಜ್ಞತೆ ಹೇಳಿ, ಮೇಲ್ಗಡೆ ಪಿನ್ ಮಾಡಿದಳು. ದಾನಿಗಳ ಹೆಸರಿನ ಮೊದಲಕ್ಷರ, ವಹಿವಾಟು ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಮೊತ್ತ ಇಷ್ಟಿರುವ ಪಟ್ಟಿ ಜೊತೆಗಿತ್ತು. ಬಿಲ್ಲುಗಳ ಫೋಟೋದಲ್ಲಿ ಮಗುವಿನ ವಿವರ ಮುಚ್ಚಿದ್ದಳು. ‘ಗುರಿ ಮುಟ್ಟಿದೆ, ಇನ್ನು ಹಣ ಕಳುಹಿಸಬೇಡಿ’ ಎಂಬುದು ಕೊನೆಯ ಸಾಲು.

ಎರ್ನಾಕುಲಂನ ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿರುವವಳು. ಬಿಲ್ಲಿಲ್ಲದೆ ಒಂದು ರೂಪಾಯಿ ಹೊರಗೆ ಹೋಗಬಾರದು ಎಂಬುದು ಅವಳ ನಿಯಮ. ಆ ನಿಯಮ ನಂಬಿಯೇ ಜನ ಕೊಡುತ್ತಿದ್ದರು.

ಅರ್ಧ ಗಂಟೆಯಲ್ಲಿ ಕಾಸರಗೋಡಿನ ಶ್ರೀನಿಧಿ ಎಂಬವರ ಉತ್ತರ ಬಂತು: ನಾನು ಕೊಟ್ಟ ಎರಡು ಸಾವಿರ ಪಟ್ಟಿಯಲ್ಲಿ ಇಲ್ಲ. ಆಮೇಲೆ ಇನ್ನೊಬ್ಬರು. ಸಂಜೆಗೆ ಹನ್ನೊಂದು ಜನ, 19,500 ರೂಪಾಯಿ. ‘ಬ್ಯಾಂಕಿನವರಿಗೇ ಲೆಕ್ಕ ಬರುವುದಿಲ್ಲವೋ?’ ಎಂದು ಒಬ್ಬರು ಬರೆದರು. ಅದಕ್ಕೆ ನಲವತ್ತು ಲೈಕು.

ಶ್ರೀನಿಧಿ ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಹಣ ಪಡೆದವನ ಹೆಸರಿತ್ತು: ಅಶ್ರಫ್. ಊರಿನ ವಾಟ್ಸಾಪ್ ಗುಂಪಿಗೆ ಚಂದ್ರಾವತಿಯದೇ ಮನವಿ ಬಂದಿತ್ತಂತೆ. ಅದರ ಕೆಳಗೆ ಬೇರೊಂದು ಕ್ಯೂಆರ್ ಕೋಡು.

ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಸಚಿನ್ ಸೈಬರ್ ಪೊಲೀಸರಿಗೆ ದೂರು ಕೊಡಲು ಹೇಳಿದ. ಆ ಖಾತೆಯನ್ನು ತಡೆಹಿಡಿಯುತ್ತಾರೆ, ತಡ ಮಾಡಿದರೆ ಹಣ ಮಾಯ.

“ನೂರು ರೂಪಾಯಿ ಕೊಟ್ಟವರು ಸಾವಿರ ರೂಪಾಯಿಯ ಪ್ರಶ್ನೆ ಕೇಳ್ತಾರೆ ಮೇಡಂ,” ಎಂದ.

“ಕೇಳಲಿ. ಕೊಟ್ಟಿದ್ದಾರಲ್ಲ.”

ಹಾಗೆಂದಳೇ ಹೊರತು ಕೂರಲಾಗಲಿಲ್ಲ. ಸೋಮವಾರ ಇನ್ನೊಂದು ಮನವಿ ಹಾಕಬೇಕಿತ್ತು. ಡಯಾಲಿಸಿಸ್ಸಿನ ಮೇಲೆ ಬದುಕಿರುವ ಒಬ್ಬ ಕನ್ನಡದ ವಿದ್ಯಾರ್ಥಿಗಾಗಿ. ತನ್ನ ಹೆಸರು ಕೆಟ್ಟರೆ ಅವನಿಗೆ ಯಾರೂ ಕೊಡುವುದಿಲ್ಲ.

ಶನಿವಾರ ಬೆಳಗ್ಗೆ, ಮಗುವಿರುವ ಆಸ್ಪತ್ರೆಗೆಂದು, ವೈಟ್ಟಿಲದ ನಿಲ್ದಾಣದಲ್ಲಿ ತಿರುವನಂತಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಫೋನು ತೆರೆಯುವುದು, ಮುಚ್ಚುವುದು. ಆಲಪ್ಪುಳ ದಾಟುವಾಗ ಹೊಸ ಆರು ಕಾಮೆಂಟು, ಕೊಲ್ಲಂನಲ್ಲಿ ಹತ್ತು.

ಆಸ್ಪತ್ರೆಯ ವರಾಂಡದಲ್ಲಿ ಕಮಲಾಕ್ಷಿ ಸಿಕ್ಕಳು. ಹೃದಯದ ಶಸ್ತ್ರಚಿಕಿತ್ಸೆಯಾದ ಒಂಬತ್ತು ವರ್ಷದ ಸಂಹಿತಾಳ ತಾಯಿ. ಕಾಸರಗೋಡಿನ ಕಡೆಯವಳು, ಜೊತೆಗೆ ಬೇರಾರೂ ಇಲ್ಲ. ಮಗು ಇನ್ನೂ ಐಸಿಯುನಲ್ಲಿ, ನೋಡಲು ದಿನಕ್ಕೆರಡು ಸಲ ಹತ್ತು ನಿಮಿಷ.

ಮಗುವಿನ ಹೆಸರಿನಲ್ಲಿ ಯಾರೋ ಹಣ ಹೊಡೆದಿದ್ದಾರೆ ಎಂದು ಚಂದ್ರಾವತಿ ಹೇಳಿದಾಗ ಕಮಲಾಕ್ಷಿ ಸೆರಗಿನ ಅಂಚು ಮಡಚತೊಡಗಿದಳು.

“ಅಂಥವರನ್ನು ಹಿಡಿದರೆ ಜೈಲಿಗೆ ಹಾಕ್ತಾರಾ ಅಕ್ಕ?”

“ಬಿಡ್ತಾರಾ? ಅಶ್ರಫ್ ಅನ್ನೋರು ಯಾರಾದ್ರೂ ನಿಮಗೆ ಗೊತ್ತಾ?”

“ನನಗೆ ಈ ಊರಲ್ಲಿ ಯಾರಿದ್ದಾರೆ ಅಕ್ಕ?” ಎಂದವಳು, ನರ್ಸ್ ಕರೆದಂತಾಯಿತು ಎಂದು ಎದ್ದು ಹೋದಳು. ಯಾರೂ ಕರೆದಿರಲಿಲ್ಲ.

ಸ್ಕ್ರೀನ್‌ಶಾಟಿನ ಯುಪಿಐ ಐಡಿಯಲ್ಲಿ ಮೊಬೈಲ್ ನಂಬರೇ ಇತ್ತು. ದೂರು ಕೊಡುವ ಮುನ್ನ ಒಮ್ಮೆ ಧ್ವನಿ ಕೇಳೋಣವೆಂದು ಒತ್ತಿದಳು. ಆ ಕಡೆಯವನು ತಡವರಿಸಲಿಲ್ಲ. ಹಣ ಬಂದದ್ದು ನಿಜ, ಆಸ್ಪತ್ರೆಯ ಹಿಂದಿನ ಗಲ್ಲಿಗೆ ಬನ್ನಿ ಅಕ್ಕ, ಎಲ್ಲ ಬರೆದಿಟ್ಟಿದ್ದೇನೆ ಎಂದು ಮಲಯಾಳದಲ್ಲಿ ಹೇಳಿದ.

ಗಲ್ಲಿಯಲ್ಲಿ ಸುಣ್ಣ ಉದುರಿದ ಎರಡಂತಸ್ತಿನ ಮನೆ. ಮೇಜಿನ ಮೇಲೆ ಅದೇ ಕ್ಯೂಆರ್ ಕೋಡು, ಪ್ಲಾಸ್ಟಿಕ್ ಹೊದಿಕೆಯಲ್ಲಿ. ಅಶ್ರಫ್ ಪುಸ್ತಕ ತೆರೆದು ಅವಳ ಕಡೆ ತಿರುಗಿಸಿಟ್ಟ. ಜಿಎಸ್‌ಟಿ ಬಿಲ್ಲು ಕೊಡುವಷ್ಟು ದೊಡ್ಡ ವ್ಯಾಪಾರ ತನ್ನದಲ್ಲ ಎಂದು ನಕ್ಕ.

ಚಂದ್ರಾವತಿ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಕೂಡಿಸಿದಳು. ಮತ್ತೊಮ್ಮೆ ಕೂಡಿಸಿದಳು. ದೂರು ಕೊಟ್ಟಾಯಿತೇ ಎಂದು ಸಚಿನ್ ಎರಡು ಸಲ ಕರೆದ, ಎತ್ತಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ತನ್ನ ಕಾಮೆಂಟನ್ನು ತಿದ್ದಿದಳು.

“ತಿದ್ದುಪಡಿ: ಕೊಟ್ಟವರು 197 ಜನ, ಒಟ್ಟು 4,31,850. ಹನ್ನೊಂದು ಜನರ ಹಣ ಯಾರೂ ಕದ್ದಿಲ್ಲ. ಬಿಲ್ಲಿಲ್ಲದ ಖರ್ಚಿಗೆ ಹಣವಿಲ್ಲ ಎಂದು ನಾನು ಹೇಳಿದ್ದರಿಂದ, ಅದು ನೇರ ಅಶ್ರಫ್ ಅವರ ಲಾಡ್ಜಿಗೇ ಸೇರುವಂತೆ ಆಕೆ ಆ ಕೋಡನ್ನು ಕಳಿಸಿದ್ದಾರೆ. ಮೂವತ್ತೊಂಬತ್ತು ದಿನದ ಬಾಡಿಗೆ 13,650, ಊಟ 5,850. ತಂಗಿದವರು, ಮಗುವಿನ ತಾಯಿ.”