ಇಲ್ಲವೆನ್ನುವ ಚೀಟಿ

ಅಕ್ಕನ ಗಂಡ ಸಂಕಪ್ಪನ ಕಾರು ತಿರುವು ದಾಟಿ ಮರೆಯಾದ ಮೇಲೆಯೇ ವಿನೋದಾ ಬಾಗಿಲು ಬಡಿದಳು. ಆಚೆ ಅಂಗಡಿಯ ನೆರಳಲ್ಲಿ ಅಷ್ಟು ಹೊತ್ತು ಕಾದು ನಿಂತಿದ್ದಳೆಂದು ಅವಳ ಬೆವರೇ ಹೇಳುತ್ತಿತ್ತು.

ದಮಯಂತಿ ತಂಗಿಯನ್ನು ಒಳಗೆ ಕರೆದು ಏಸಿ ಹಾಕಿದಳು. ಮಬೇಲಾದ ತನ್ನ ಮನೆಯಿಂದ ಇಲ್ಲಿ ಸೀಬಿಗೆ ಬೆಳಿಗ್ಗೆಯೇ ಟ್ಯಾಕ್ಸಿ ಹಿಡಿದು ಬರುವಂಥದ್ದು ಏನಾಯಿತೋ!

"ಅಕ್ಕ, ಒಂದು ಚೀಟಿ ಬರೆದು ಕೊಡಬೇಕು. ನಮ್ಮವರೇ ಒಬ್ಬರು ಸಾಲ ಕೇಳಿದ್ದಾರೆ. ಇಲ್ಲ ಅನ್ನಬೇಕು. ನನಗೆ ಬರೆಯಲಿಕ್ಕೆ ಬರ್ತಾ ಇಲ್ಲ."

"ಫೋನ್ ಮಾಡಿ ಹೇಳಬಾರದಾ?"

"ಮನೆಯಲ್ಲಿ ಬೇರೆಯವರು ಎತ್ತುತ್ತಾರೆ, ಬರೆದೇ ತಿಳಿಸಿ ಅಂದಿದ್ದಾರೆ."

ದಮಯಂತಿಗೆ ಹೊಳೆದುಹೋಯಿತು. ವಿನೋದಾಳ ಗಂಡ ಗುರುವನಿಗೆ ಮಬೇಲಾದಲ್ಲಿ ಸ್ವಂತ ಗ್ಯಾರೇಜು. ಅವನ ದೊಡ್ಡಪ್ಪನ ಮಗ ತುಕ್ರ ನಿಜ್ವಾದಲ್ಲಿದ್ದ. ಕಂಡವರ ಹತ್ತಿರವೆಲ್ಲ ಕೈ ಚಾಚುವವನು.

"ನಿಜ್ವಾದವನಾ?"

"ಹೆಸರು ಬೇಡ ಅಕ್ಕ. ಆಣೆ ಹಾಕಿಸಿಕೊಂಡಿದ್ದಾರೆ."

ವಿನೋದಾ ತಾನು ಬರೆದದ್ದನ್ನು ಮುಂದೆ ಇಟ್ಟಳು. ಈ ತಿಂಗಳು ಕೈ ಬಿಗಿ, ಗ್ಯಾರೇಜಿಗೆ ಗಿರಾಕಿ ಇಲ್ಲ, ಮಗುವಿಗೆ ಹುಷಾರಿಲ್ಲ. ದಮಯಂತಿ ಎಲ್ಲದಕ್ಕೂ ಅಡ್ಡಗೆರೆ ಎಳೆದಳು.

"ಮಗುವಿಗೆ ಹುಷಾರಿಲ್ಲ ಅಂದ್ರೆ ನಾಳೆಯೇ ನೋಡಲಿಕ್ಕೆ ಬರ್ತಾರೆ. ಈ ತಿಂಗಳು ಕೈ ಬಿಗಿ ಅಂದ್ರೆ ಬರುವ ತಿಂಗಳು ಮತ್ತೆ ಕೇಳ್ತಾರೆ. ದುಡ್ಡು ಉಂಟಾ, ಇಲ್ವಾ?"

"ಉಂಟು. ಅವರಿಗೂ ಗೊತ್ತುಂಟು."

"ಹಾಗಾದ್ರೆ 'ನಮ್ಮಿಂದ ಆಗುವುದಿಲ್ಲ' ಅನ್ನೋದೂ ಸುಳ್ಳೇ."

ಅವಳು ಹೊಸ ಹಾಳೆ ತೆಗೆದಳು. ನಿನ್ನ ಚೀಟಿ ತಲುಪಿತು ಎಂದು ಆರಂಭಿಸಿದಳು.

"'ನಿಮ್ಮ' ಅಂತ ಹಾಕು ಅಕ್ಕ. ದೊಡ್ಡವರು."

ತುಕ್ರ ಗುರುವನಿಗಿಂತ ಒಂದು ವರ್ಷಕ್ಕೆ ದೊಡ್ಡವನು. ದಮಯಂತಿ ತಿದ್ದಿದಳು. ಮುಂದೆ, "ಕೊಡುವುದಿಲ್ಲ" ಎಂದು ಬರೆದು ನೋಡಿದಳು. ಮುಖಕ್ಕೆ ಹೊಡೆದ ಹಾಗಿತ್ತು. ಹೊಡೆದು ಹಾಕಿ, "ಇನ್ನು ಕೊಡುವುದು ಬೇಡವೆಂದು ನಾವಿಬ್ಬರೂ ಕೂತು ತೀರ್ಮಾನಿಸಿದೆವು" ಎಂದಳು. "ಈ ಸಲ" ಎಂಬ ಮಾತನ್ನು ಬೇಕೆಂದೇ ಸೇರಿಸಲಿಲ್ಲ; ಅದು ಬಾಗಿಲನ್ನು ಅರ್ಧ ತೆರೆದಿಟ್ಟ ಹಾಗೆ.

"ಕಾರಣ ಬೇಡವಾ?" ವಿನೋದಾ ಕೇಳಿದಳು.

"ನಿಜವಾದದ್ದು ಒಂದಿದ್ರೆ ಸಾಕು. ಯಾಕೆ ಕೊಡೋದಿಲ್ಲ ನೀವು?"

ವಿನೋದಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕೆಲಸ ಹೋಗಿ ನಾಲ್ಕು ತಿಂಗಳಾಯ್ತು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಹೊರಡ್ತಾರೆ. ದಿನವಿಡೀ ಎಲ್ಲಾದ್ರೂ ಕಾರಲ್ಲಿ ಕೂತಿರ್ತಾರಂತೆ. ತಿಂಗಳ ಕೊನೆಗೆ ನಮ್ಮಿಂದ ತಗೊಂಡು ಸಂಬಳ ಅಂತ ಮನೆಯಲ್ಲಿ ಕೊಡ್ತಾರೆ."

"ಅಯ್ಯೋ ದೇವರೇ! ಅವನ ಹೆಂಡತಿ ಕಣ್ಣು ಮುಚ್ಚಿ ಕೂತಿದ್ದಾಳಾ?"

"ಪಾಪ, ಅವಳಿಗೆ ಗೊತ್ತಾಗೋದು ಹೇಗೆ ಅಕ್ಕ? ತಿಂಗಳು ತಿಂಗಳು ದುಡ್ಡು ಕೈಗೆ ಬರ್ತಾ ಉಂಟಲ್ಲ." ವಿನೋದಾ ಅಕ್ಕನ ಮುಖ ನೋಡದೆ ಮುಂದುವರಿಸಿದಳು. "ವೀಸಾ ಕೊಟ್ಟ ಕಫೀಲ್ ಬರುವ ವಾರದ ತನಕ ಗಡುವು ಕೊಟ್ಟಿದ್ದಾನೆ. ಆಮೇಲೆ ವೀಸಾ ಖಲಾಸ್. ಸಂಸಾರ ಕಟ್ಟಿಕೊಂಡು ಊರಿಗೆ ಹೊರಡಬೇಕು. ಅಲ್ಲಿಯವರೆಗೂ ಮುಚ್ಚಿಡಲಿಕ್ಕೇ ಮತ್ತೆ ಕೇಳ್ತಾ ಇದ್ದಾರೆ."

ದಮಯಂತಿಗೆ ಆ ಹೆಂಗಸಿನ ಮೇಲೆ ಕನಿಕರ ಉಕ್ಕಿತು, ಸಿಟ್ಟೂ ಬಂತು. ಪೆನ್ನು ಓಡಿತು:

"ನಿಮ್ಮ ಚೀಟಿ ತಲುಪಿತು. ಕೇಳಲು ನಿಮಗೆ ಎಷ್ಟು ಸಂಕಟವಾಗಿರಬಹುದೆಂದು ನಮಗೆ ಗೊತ್ತು. ಇನ್ನು ಕೊಡುವುದು ಬೇಡವೆಂದು ನಾವಿಬ್ಬರೂ ಕೂತು ತೀರ್ಮಾನಿಸಿದೆವು. ಹಣ ಇಲ್ಲವೆಂದಲ್ಲ. ನಾವು ಕೊಟ್ಟಷ್ಟೂ ನೀವು ಮನೆಯವಳಿಂದ ಮುಚ್ಚಿಡುತ್ತೀರಿ, ಅದಕ್ಕೆ ನಾವು ಕೈಜೋಡಿಸಲಾರೆವು. ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲ. ನಿಮ್ಮ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ. ಶುಕ್ರವಾರ ಎಲ್ಲರೂ ಊಟಕ್ಕೆ ಬನ್ನಿ."

ಓದಿ ಹೇಳಿದಳು. ವಿನೋದಾ ಕಣ್ಣೊರೆಸಿಕೊಂಡಳು.

"ಬೇಸರ ಮಾಡಿಕೊಳ್ತಾರಾ ಅಕ್ಕ?"

"ನೋವಾಗ್ತದೆ. ಆದ್ರೆ ಅವಮಾನ ಆಗೋದಿಲ್ಲ. ಉಪದೇಶ ಇಲ್ಲ, ಹಳೆಯ ಲೆಕ್ಕ ಇಲ್ಲ, ಸುಳ್ಳು ಇಲ್ಲ." ದಮಯಂತಿ ಒಂದು ಗಳಿಗೆ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಇವತ್ತೇ ಅವಳಿಗೆ ಹೇಳಿ. ಅವಳು ನಿಮ್ಮನ್ನು ಬಿಟ್ಟುಕೊಡುವವಳಲ್ಲ."

"ಅದು ಹೌದಾ ಅಕ್ಕ? ಬಿಟ್ಟುಕೊಡೋದಿಲ್ವಾ?"

"ಯಾವ ಹೆಂಡತಿ ಬಿಟ್ಟುಕೊಡ್ತಾಳೆ ಮಾರಾಯ್ತಿ? ನಾಲ್ಕು ದಿನ ಮಾತು ಬಿಡ್ತಾಳೆ, ಅಷ್ಟೆ."

ವಿನೋದಾ ಎದ್ದಳು. ದಮಯಂತಿ ಹಾಳೆ ಮಡಚಿ ಅವಳ ಕೈಗಿಡಲು ಹೋದಳು. ತಂಗಿ ತೆಗೆದುಕೊಳ್ಳಲಿಲ್ಲ. ಅಕ್ಕನ ಕೈಯನ್ನೇ ಎರಡೂ ಕೈಯಿಂದ ಹಿಡಿದು, ಹಾಳೆಯ ಮೇಲೆ ಬಿಗಿಯಾಗಿ ಮುಚ್ಚಿದಳು.

"ನಿನ್ನ ಹತ್ತಿರವೇ ಇರಲಿ ಅಕ್ಕ," ಎಂದಳು. "ಸಂಜೆ ಭಾವ ಬಂದಾಗ ಕೊಡು."