ತಪ್ಪಿಲ್ಲದ ಮೆಸೇಜು

“ಯಾರ ಕೈಲಿ ಬರೆಸಿದ್ರಿ?” ಸ್ಫೂರ್ತಿ ಫೋನನ್ನು ಗಂಡನ ಮುಖದೆದುರು ಹಿಡಿದಳು. ಮದುವೆಯಾಗಿ ವರ್ಷ ತುಂಬಿತೆಂದು ಹೊನ್ನೇಶ ಕಳಿಸಿದ ಮೆಸೇಜಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು.

“ಬಾಯಲ್ಲಿ ಹೇಳ್ದೆ ಕಣೇ, ಫೋನೇ ಬರ್ಕೊಳ್ತು!”

“ಸುಳ್ಳು. ಟೈಪಿಂಗ್ ಅಂಗಡಿ ಅಕ್ಷತಾ ತಾನೇ? ನಮ್ಮನೆ ವಿಷ್ಯ ಎಲ್ಲಾ ಅವಳಿಗೆ ಹೇಳಿದ್ರಾ?”

ಅವನು ಸಿಟ್ಟಿನಿಂದ ಚಪ್ಪಲಿ ಮೆಟ್ಟಿ ಹೊರಟ. ಅವಳು ಅನುಮಾನದಿಂದಲೇ ಮುಂದೆ ಓದಿದಳು: “ಮೊದಲ ದಿನ ನಿನ್ನ ಗಂಟು ಮುದ್ದೆ ಚೆನ್ನಾಗಿದೆ ಅಂದೆ ಆಮೇಲೆ ತಿಂಗಳುಗಟ್ಟಲೆ ಅದನ್ನೇ ತಿಂದೆ ಸುಳ್ಳು ಹೇಳಬಾರದು ಅಂತ ಕಲಿತೆ ಕಡೂರು ಪೆಟ್ರೋಲ್ ಬಂಕಲ್ಲಿ ನಿನ್ನ ಬಿಟ್ಟು ಯಗಟಿವರೆಗೂ ಬೈಕಲ್ಲಿ ಒಬ್ಬನೇ ಮಾತಾಡ್ಕೊಂಡು ಬಂದೆ ಹಿಂದೆ ತಿರುಗಿ ನೋಡಬೇಕು ಅಂತ ಕಲಿತೆ ನೀನಿಲ್ಲ ಅಂದ್ರೆ ನಂಗೆ ಏಯ್ ಏಯ್ ಬೀರಪ್ಪ ನಿನ್ನ ಕುರಿ ನಮ್ಮ ತೆಂಗಿನ ಸಸಿ ತಿಂತಾವೆ ಓಡ್ಸೋ”

“ರೀ, ನಿಂತ್ಕೊಳ್ಳಿ!” ಸ್ಫೂರ್ತಿ ಬಾಗಿಲಿಗೆ ಓಡಿದಳು. “ನಾನಿಲ್ಲ ಅಂದ್ರೆ ನಿಮಗೆ ಏನು? ಅದನ್ನ ಹೇಳಿ ಹೋಗಿ.”